ಹುಬ್ಬಳ್ಳಿ-ಧಾರವಾಡ 2015–2024: ಮನೆ ಕೆಡವಿ ಹೊಲ ಮಾಡಿದ್ದಾರೆ ಅನ್ನುತ್ತಿದೆ ನನ್ನ ಮ್ಯಾಪು

ಎರಿಹೊಲ_22
ಎಲ್ಲರಿಗೂ ನಮಸ್ಕಾರ. ನಾನು ಭೂಗೋಳ ಎಂಎಸ್ಸಿ ಎರಡನೇ ವರ್ಷ. ಹುಬ್ಬಳ್ಳಿ-ಧಾರವಾಡದ ಸುತ್ತ ಹತ್ತು ವರ್ಷದಲ್ಲಿ ಎಷ್ಟು ಹೊಲ ಕಟ್ಟಡದ ಕೆಳಗೆ ಹೋಯಿತು ಅನ್ನೋದು ನನ್ನ ಪ್ರಾಜೆಕ್ಟು. ಕೆಲಗೇರಿಯಿಂದ ಗಬ್ಬೂರಿನ ತನಕ ಬರುವಂತೆ 20 ಕಿ.ಮೀ. ಉದ್ದ, 20 ಕಿ.ಮೀ. ಅಗಲದ ಚೌಕ ತೆಗೆದುಕೊಂಡಿದ್ದೇನೆ. ಅಂದರೆ 40,000 ಹೆಕ್ಟೇರು.

ಎರಡೂ ಚಿತ್ರ ಲ್ಯಾಂಡ್‌ಸ್ಯಾಟ್ 8ರವು. ಮೊದಲನೆಯದು 2015ರ ಮಾರ್ಚ್, ಎರಡನೆಯದು 2024ರ ಡಿಸೆಂಬರ್. ಮೋಡ ಇಲ್ಲದ್ದು ನೋಡಿ ಆರಿಸಿದೆ. ಕ್ಯೂಜಿಐಎಸ್‌ನಲ್ಲಿ ಕಟ್ಟಡ, ಹೊಲ, ಗಿಡಮರ, ನೀರು ಅಂತ ನಾಲ್ಕು ಕ್ಲಾಸು ಮಾಡಿ, ಒಂದೊಂದಕ್ಕೆ 25–30 ಪಾಲಿಗಾನ್ ಬಿಡಿಸಿದೆ. ಪ್ರತಿ ಪಿಕ್ಸೆಲ್ಲನ್ನು ಅದು ಹೆಚ್ಚು ಹೋಲುವ ಕ್ಲಾಸಿಗೆ ಹಾಕೋ ಮ್ಯಾಕ್ಸಿಮಮ್ ಲೈಕ್ಲಿಹುಡ್ ಓಡಿಸಿದೆ. ಪಾಲಿಗಾನ್ ಒಳಗಿನ ಪಿಕ್ಸೆಲ್‌ಗಳಲ್ಲಿ 70 ಭಾಗ ಕಲಿಸಲಿಕ್ಕೆ, 30 ಭಾಗ ಪರೀಕ್ಷೆಗೆ. ನಿಖರತೆ 2015ಕ್ಕೆ 96%, 2024ಕ್ಕೆ 97% ಬಂತು. ಖುಷಿಯಾಯಿತು.

ಆಮೇಲೆ ಎರಡೂ ಮ್ಯಾಪು ಒಂದರ ಮೇಲೊಂದು ಇಟ್ಟೆ. ಹೊಲದಿಂದ ಕಟ್ಟಡ 7,900 ಹೆಕ್ಟೇರು. ಅದು ಇರಲಿ. ಕಟ್ಟಡದಿಂದ ಹೊಲ 2,600 ಹೆಕ್ಟೇರು! ಅದೂ ಜಾಸ್ತಿ ಕುಸುಗಲ್ ರಸ್ತೆ ಕಡೆ. ಅಷ್ಟು ಮನೆ ಕೆಡವಿ ಯಾರು ಕಡಲೆ ಬಿತ್ತಿದರು? 97% ಸರಿ ಇರೋ ಮ್ಯಾಪು ಹೀಗೆ ಹೇಗೆ ಹೇಳುತ್ತೆ?

ರಾಸ್ಟರ್_ಹುಡುಗ
ಬ್ರೋ, ಮ್ಯಾಕ್ಸಿಮಮ್ ಲೈಕ್ಲಿಹುಡ್ ಹಳೇ ಕಾಲದ್ದು. ರ‍್ಯಾಂಡಮ್ ಫಾರೆಸ್ಟ್ ಹಾಕು, ಜೊತೆಗೆ ಎನ್‌ಡಿಬಿಐ ಬ್ಯಾಂಡ್ ಸೇರಿಸು. ಕಟ್ಟಡ ಪಟಕ್ಕನೆ ಬೇರೆಯಾಗುತ್ತೆ. 2024ಕ್ಕೆ ಸೆಂಟಿನೆಲ್-2 ತಗೋ, 10 ಮೀಟರ್ ಸಿಗುತ್ತೆ. 30 ಮೀಟರ್ ಯಾಕೆ ಹಿಡಿದುಕೊಂಡು ಕೂತಿದ್ದೀಯ?

ಎರಿಹೊಲ_22
ಬ್ರೋ ಅಲ್ಲ, ಸಿಸ್ಟರ್ 🙂 ಎನ್‌ಡಿಬಿಐ ನೋಡುತ್ತೇನೆ.

ಚುಕ್ಕಿ_ಮಾಸ್ತರ
ತಂಗಿ, ಆ 2,600 ಹೆಕ್ಟೇರನ್ನು ಮುಚ್ಚಿಡದೆ ಇಲ್ಲಿ ಹಾಕಿದ್ದು ಒಳ್ಳೆಯದಾಯಿತು. ಮ್ಯಾಪಿನ ಆರೋಗ್ಯ ಮೊದಲು ಗೊತ್ತಾಗೋದೇ ಇಂಥ ಆಗದ ಬದಲಾವಣೆಯಿಂದ. ಕಟ್ಟಡ ಹೊಲವಾಗೋದು, ಹತ್ತೇ ವರ್ಷದಲ್ಲಿ ಕೆರೆ ನಡುವೆ ದೊಡ್ಡ ಮರದ ತೋಪು ಏಳೋದು, ಇವು ನಡೆಯೋದಿಲ್ಲ ಅನ್ನುವಷ್ಟು ಅಪರೂಪ. ಆದರೂ ಮ್ಯಾಪಿನಲ್ಲಿ ಕಂಡರೆ ಎರಡರಲ್ಲಿ ಒಂದು ತಾರೀಖು ಸುಳ್ಳು ಹೇಳುತ್ತಿದೆ ಅಂತ ಅರ್ಥ. ಮತ್ತೆ ಅಷ್ಟೇ ಸುಳ್ಳು ಆ 7,900ರ ಒಳಗೂ ಕೂತಿರಬಹುದು. ಅಲ್ಲಿ ಕಾಣೋದಿಲ್ಲ ಅಷ್ಟೇ, ಯಾಕೆಂದರೆ ಅದು ನಂಬುವಂತಿದೆ.

ಈಗ ತಾರೀಖು ನೋಡೋಣ. ಹುಬ್ಬಳ್ಳಿಯ ಪೂರ್ವಕ್ಕೆ ಎರಿ ಭೂಮಿ. ಮಾರ್ಚ್ ಹೊತ್ತಿಗೆ ಕಡಲೆ ಕಿತ್ತಾಗಿರುತ್ತೆ, ಬಿಳಿಜೋಳವೂ ಬಹುತೇಕ ಕಟಾವಾಗಿರುತ್ತೆ. ಉಳಿಯೋದು ಬಿರುಕು ಬಿಟ್ಟ ಬರೀ ಕರಿ ಮಣ್ಣು. ಉಪಗ್ರಹದ ಕಣ್ಣಿಗೆ ಅದು ಎಲ್ಲ ಬ್ಯಾಂಡಿನಲ್ಲೂ ಮಂಕು. ಡಾಂಬರು ರಸ್ತೆ, ಹಳೇ ಹುಬ್ಬಳ್ಳಿಯ ಒತ್ತೊತ್ತಾದ ಮನೆಗಳು, ಇವೂ ಹೆಚ್ಚುಕಮ್ಮಿ ಹಾಗೇ ಮಂಕು. ಡಿಸೆಂಬರಿನಲ್ಲಿ ಅದೇ ಹೊಲ ಹಸಿರು. ಹಾಗಾಗಿ ನೀನು ಅಳೆದದ್ದು ಊರು ಬೆಳೆದದ್ದನ್ನಲ್ಲ, ಸುಗ್ಗಿಯನ್ನು.

ಒಂದು ಪ್ರಶ್ನೆ. 2015ರಲ್ಲಿ ಹೊಲದ ಪಾಲಿಗಾನ್ ಎಲ್ಲಿ ಬಿಡಿಸಿದ್ದೆ?

ರಾಸ್ಟರ್ ತಮ್ಮಾ, ಎನ್‌ಡಿಬಿಐ ಲೆಕ್ಕ ಹಾಕೋದು ಶಾರ್ಟ್‌ವೇವ್ ಇನ್‌ಫ್ರಾರೆಡ್ ಮತ್ತು ನಿಯರ್ ಇನ್‌ಫ್ರಾರೆಡ್ ನಡುವಿನ ವ್ಯತ್ಯಾಸದಿಂದ. ಒಣ ಮಣ್ಣೂ ನಿಯರ್‌ಗಿಂತ ಶಾರ್ಟ್‌ವೇವ್‌ನಲ್ಲಿ ಜಾಸ್ತಿ ಹೊಳೆಯುತ್ತೆ. ಒಣ ಹೊಲಕ್ಕೂ ಸಿಮೆಂಟಿಗೂ ಅದು ಒಂದೇ ಥರ ಉತ್ತರ ಕೊಡುತ್ತೆ. ಇನ್ನು ಸೆಂಟಿನೆಲ್-2 ಹಾರಿದ್ದೇ 2015ರ ಜೂನ್‌ನಲ್ಲಿ. ಮಾರ್ಚ್ 2015ಕ್ಕೆ ಅದು ಇಲ್ಲವೇ ಇಲ್ಲ. ಒಂದು ತಾರೀಖಿಗೆ 30 ಮೀಟರ್, ಇನ್ನೊಂದಕ್ಕೆ 10 ಮೀಟರ್ ಇಟ್ಟರೆ ಪ್ರತಿ ಓಣಿಯ ಅಂಚೂ ಬದಲಾವಣೆ ಅಂತ ತೋರುತ್ತೆ.

ರಾಸ್ಟರ್_ಹುಡುಗ
ಓಕೆ ಸರ್, ಸೆಂಟಿನೆಲ್ ವಿಷಯ ಒಪ್ಪಿದೆ. ಆದರೆ ರ‍್ಯಾಂಡಮ್ ಫಾರೆಸ್ಟ್ ಮಾತ್ರ ಬಿಟ್ಟುಕೊಡಲ್ಲ.

ಚುಕ್ಕಿ_ಮಾಸ್ತರ
ಬಿಡಬೇಡ. ಅದು ಒಳ್ಳೆಯದೇ. ಆದರೆ ಒಂದೇ ದಿನದ ಚಿತ್ರದಲ್ಲಿ ಇಲ್ಲದ ಸುದ್ದಿಯನ್ನು ಅದೂ ಹುಟ್ಟಿಸಲಾರದು.

ಎರಿಹೊಲ_22
ಮಾಸ್ತರೇ, ಈಗ ತೆರೆದು ನೋಡಿದೆ. ನಾಚಿಕೆ ಆಗುತ್ತಿದೆ. ಹೊಲದ ಪಾಲಿಗಾನ್ ಎಲ್ಲ ಧಾರವಾಡದ ಸುತ್ತ. ನಮ್ಮ ಮನೆ ಆ ಕಡೆ, ನೋಡಿದ ಹೊಲಗಳು ಅವೇ. ಎಲ್ಲ ಕೆಂಪು ಮಣ್ಣು. ಎರಿ ಹೊಲದಲ್ಲಿ ಒಂದೂ ಇಲ್ಲ. ಹೆಸರು ಮಾತ್ರ ಎರಿಹೊಲ!

ಇನ್ನೊಂದು ಸಿಕ್ಕಿತು. 2024ರಲ್ಲಿ ಕಟ್ಟಡದ ಪಾಲಿಗಾನ್ ಬಿಡಿಸುವಾಗ ಹೊಸ ಲೇಔಟ್‌ಗಳನ್ನೂ ಸೇರಿಸಿದ್ದೆ. ಅದರೊಳಗೆ ಗರಸು ಹಾಕಿದ ರಸ್ತೆ ಇದೆ. ಡಿಸೆಂಬರಿನಲ್ಲಿ ಧಾರವಾಡದ ಕಡೆ ಸೋಯಾಬೀನ್ ತೆಗೆದು ಬರಿದಾದ ಕೆಂಪು ಹೊಲ ಎಲ್ಲ ಆ ಗರಸಿನ ಜೊತೆ ಹೋಗಿ ಕಟ್ಟಡ ಆಗಿದೆ. 7,900 ಯಾಕೆ ಉಬ್ಬಿತು ಅಂತ ಈಗ ತಿಳಿಯಿತು.

ಆದರೆ 96, 97 ಹೇಗೆ ಬಂತು?

ಚುಕ್ಕಿ_ಮಾಸ್ತರ
ಪರೀಕ್ಷೆಯ ಪಿಕ್ಸೆಲ್ಲೂ ಅದೇ ಪಾಲಿಗಾನ್‌ಗಳಿಂದ ಬಂದವು ತಾನೆ? ಒಂದೇ ಹೊಲದ ಅಕ್ಕಪಕ್ಕದ ಎರಡು ಪಿಕ್ಸೆಲ್ ಅವಳಿ ಮಕ್ಕಳಿದ್ದ ಹಾಗೆ. ಒಬ್ಬನನ್ನು ತೋರಿಸಿ ಕಲಿಸಿ, ಇನ್ನೊಬ್ಬನನ್ನು ತೋರಿಸಿ ಗುರುತು ಹಿಡಿ ಅಂದರೆ ಯಾರಾದರೂ ಹಿಡಿಯುತ್ತಾರೆ. ಕುಸುಗಲ್ ರಸ್ತೆಯ ಎರಿ ಹೊಲವನ್ನು ನೀನು ಕಲಿಸಲೂ ಇಲ್ಲ, ಪರೀಕ್ಷೆಯಲ್ಲಿ ಕೇಳಲೂ ಇಲ್ಲ. ಅಲ್ಲಿನ ತಪ್ಪು 97ರೊಳಗೆ ಬರಲಿಕ್ಕೆ ದಾರಿಯೇ ಇರಲಿಲ್ಲ. ಪರೀಕ್ಷೆಯ ಪಾಯಿಂಟನ್ನು ಬೇರೆಯಾಗಿ, ಇಡೀ ಚೌಕದ ಮೇಲೆ ಚೀಟಿ ಎತ್ತಿದಂತೆ ಚೆಲ್ಲಬೇಕು. ನೀನು ಆರಿಸಬಾರದು.

ಸೈಟು_ನಂ_47
ನಮಸ್ಕಾರ. ಇಲ್ಲಿ ಉಪಗ್ರಹ ಗೊತ್ತಿದ್ದವರು ಇದ್ದೀರಿ ಅಂತ ಕೇಳುತ್ತಿದ್ದೇನೆ. ನಾನು ರಾಯಾಪುರದ ಹತ್ತಿರ 30×40 ಸೈಟು ನೋಡಿದ್ದೇನೆ. ಮೊದಲು ಅದು ನೀರು ನಿಲ್ಲೋ ಜಾಗ ಆಗಿತ್ತು ಅಂತ ಒಬ್ಬರು ಹೆದರಿಸಿದ್ದಾರೆ. ಈ ತಂಗಿಯ 2015ರ ಮ್ಯಾಪಿನಲ್ಲಿ ನನ್ನ ಸೈಟು ನೀರೋ ಹೊಲವೋ ನೋಡಿ ಹೇಳಬಹುದಾ? ಮುಂಗಡ ಕೊಡಬೇಕು, ಸ್ವಲ್ಪ ಅರ್ಜೆಂಟು.

ಗುಂಟೆ_ಸರಪಳಿ
ಸೈಟಿನವರೇ, ಅದರಲ್ಲಿ ನಿಮ್ಮ ಸೈಟು ಕಾಣೋದಿಲ್ಲ. ನಾನು ಭೂಮಾಪನದಲ್ಲಿ ಜೀವನ ಸವೆಸಿದವನು, ಉಪಗ್ರಹ ಅಷ್ಟಾಗಿ ಗೊತ್ತಿಲ್ಲ. ಗುಂಟೆ ಲೆಕ್ಕ ಗೊತ್ತು. 30 ಮೀಟರಿನ ಒಂದು ಚೌಕ ಅಂದರೆ 900 ಚದರ ಮೀಟರು. ಗುಂಟೆಗೆ 101 ಚದರ ಮೀಟರು ಹಿಡಿದರೆ ಸುಮಾರು 9 ಗುಂಟೆ. ನಿಮ್ಮ 30×40 ಸೈಟು 1,200 ಚದರಡಿ, ಗುಂಟೆಗಿಂತ ಚೂರು ಜಾಸ್ತಿ. ಅಂಥ ಎಂಟು ಸೈಟು ಸೇರಿದರೆ ಅವರ ಒಂದು ಚುಕ್ಕಿ. ಎಂಟು ಸೈಟಿಗೂ ಸೇರಿ ಒಂದೇ ಬಣ್ಣ. ನೀವು ಹಳೇ ಉತಾರ ತೆಗೆಸಿ, ಗ್ರಾಮ ನಕಾಶೆಯಲ್ಲಿ ಹಳ್ಳ ಎಲ್ಲಿ ಹಾದಿದೆ ನೋಡಿ. ಮಳೆಗಾಲದಲ್ಲಿ ಒಮ್ಮೆ ಹೋಗಿ ನಿಂತು ನೋಡಿ. ಅದಕ್ಕಿಂತ ಮೊದಲು ಮುಂಗಡ ಕೊಡಬೇಡಿ.

ತಂಗಿಗೆ ನನ್ನದೂ ಒಂದು ಪ್ರಶ್ನೆ. ಲೇಔಟನ್ನು ಕಟ್ಟಡಕ್ಕೆ ಸೇರಿಸಿದ್ದೀ ಅಂದೆ. ಕೃಷಿಯೇತರ ಅಂತ ಎನ್‌ಎ ಆಗಿ, ಕಲ್ಲು ನೆಟ್ಟು, ಗಟಾರು ಹಾಕಿ, ಹತ್ತು ವರ್ಷದಿಂದ ಒಂದೂ ಮನೆ ಏಳದ ಪ್ಲಾಟುಗಳು ಎಷ್ಟೋ ಇವೆ. ಅಲ್ಲಿ ಬರೀ ಹುಲ್ಲು, ಜಾಲಿ. ಕಾಗದದಲ್ಲಿ ಅದು ಹೊಲ ಅಲ್ಲ. ಮೇಲಿಂದ ನೋಡಿದರೆ ಕಟ್ಟಡವೂ ಅಲ್ಲ. ನಿನ್ನ ಲೆಕ್ಕದಲ್ಲಿ ಅದು ಏನು?

ಎರಿಹೊಲ_22
ಅಜ್ಜಾರ, ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಸದ್ಯಕ್ಕೆ ಹೊಲಕ್ಕೇ ಹಾಕುತ್ತೇನೆ. ಮನೆಯೋ ಸಿಮೆಂಟೋ ಡಾಂಬರೋ ಅರ್ಧ ಪಿಕ್ಸೆಲ್‌ಗಿಂತ ಜಾಸ್ತಿ ಇದ್ದರೆ ಮಾತ್ರ ಕಟ್ಟಡ.

ಸೈಟು_ನಂ_47
ಧನ್ಯವಾದ ಸರ್. ಉತಾರ ತೆಗೆಸುತ್ತೇನೆ. ಆದರೂ ಗೂಗಲ್‌ನಲ್ಲಿ ನಮ್ಮ ಮನೆ ಮೇಲಿನ ನೀರಿನ ಟಾಕಿ ಕೂಡ ಕಾಣುತ್ತೆ, ಇವರದ್ದು ಯಾಕೆ ಕಾಣೋದಿಲ್ಲವೋ.

ಚುಕ್ಕಿ_ಮಾಸ್ತರ
ಅದು ಬೇರೆ ಉಪಗ್ರಹದ ಚಿತ್ರ, ದುಡ್ಡು ಕೊಟ್ಟು ತಂದದ್ದು. ಇದು ಪುಕ್ಕಟೆ, ಮತ್ತೆ 16 ದಿನಕ್ಕೊಮ್ಮೆ ತಪ್ಪದೆ ಬರುತ್ತೆ. ಟಾಕಿ ಕಾಣದಿದ್ದರೂ ಹೊಲ ಯಾವ ತಿಂಗಳು ಹಸಿರಾಯಿತು ಅಂತ ಹೇಳುತ್ತೆ.

ಅದನ್ನೇ ಉಪಯೋಗಿಸು ತಂಗಿ. ಒಂದು ದಿನದ ಚಿತ್ರ ಬಿಡು. ಜೂನ್‌ನಿಂದ ಫೆಬ್ರವರಿ ತನಕ ಸಿಗೋ ಎಲ್ಲ ಚಿತ್ರ ತೆಗೆದುಕೊಂಡು, ಪ್ರತಿ ಪಿಕ್ಸೆಲ್ ಆ ವರ್ಷ ಅತಿ ಹೆಚ್ಚು ಎಷ್ಟು ಹಸಿರಾಗಿತ್ತು ಅಂತ ನೋಡು. ಮುಂಗಾರಿಗೆ ಹೆಸರೋ ಸೋಯಾಬೀನೋ, ಹಿಂಗಾರಿಗೆ ಜೋಳವೋ ಕಡಲೆಯೋ, ಹೊಲ ಅಂದ ಮೇಲೆ ವರ್ಷಕ್ಕೆ ಒಂದು ಸಲವಾದರೂ ಹಸಿರಾಗಲೇಬೇಕು. ಛಾವಣಿ ಯಾವ ತಿಂಗಳೂ ಹಸಿರಾಗೋದಿಲ್ಲ. ಗೂಗಲ್ ಅರ್ಥ್ ಇಂಜಿನ್‌ನಲ್ಲಿ ಇಷ್ಟೇ ಕೆಲಸ, `area` ಅಂದರೆ ನಿನ್ನ ಚೌಕ:

```javascript
function prep(img) {
  var qa = img.select('QA_PIXEL');
  var clear = qa.bitwiseAnd(1 << 3).eq(0)
    .and(qa.bitwiseAnd(1 << 4).eq(0));
  var sr = img.select('SR_B.')
    .multiply(0.0000275).add(-0.2);
  return sr.normalizedDifference(['SR_B5', 'SR_B4'])
    .rename('ndvi').updateMask(clear);
}
var greenest = ee.ImageCollection('LANDSAT/LC08/C02/T1_L2')
  .filterBounds(area)
  .filterDate('2014-06-01', '2015-03-01')
  .map(prep).max();
```

ಇನ್ನೊಂದು ತುದಿಗೆ `2024-06-01` ಮತ್ತು `2025-03-01`. ಆ `-0.2` ಮರೆಯಬೇಡ. ತುಂಬ ಜನ ಗುಣಾಕಾರ ಮಾಡದೆ, ಕೂಡಿಸದೆ ಕಚ್ಚಾ ಸಂಖ್ಯೆಯಿಂದಲೇ ಹಸಿರಿನ ಅಳತೆ ಎನ್‌ಡಿವಿಐ ತೆಗೆಯುತ್ತಾರೆ. ಬರೀ ಗುಣಾಕಾರ ಬಿಟ್ಟಿದ್ದರೆ ಭಾಗಾಕಾರದಲ್ಲಿ ಅದು ಹೊಡೆದುಹೋಗುತ್ತಿತ್ತು. ಕೂಡಿಸೋದನ್ನು ಬಿಟ್ಟರೆ ಹಾಗಲ್ಲ, ಬೆಲೆ ಎಲ್ಲ ಕುಗ್ಗಿ ಕಾಣುತ್ತೆ.

ಈ `greenest` ಅನ್ನು ಡಿಸೆಂಬರ್-ಜನವರಿ ಚಿತ್ರದ ಬ್ಯಾಂಡ್‌ಗಳ ಜೊತೆ ಒಂದು ಬ್ಯಾಂಡ್ ಮಾಡಿ ಸೇರಿಸು. ಎರಡೂ ವರ್ಷಕ್ಕೆ ತಿಂಗಳು ಒಂದೇ ಇರಲಿ. ಆಗ ರಾಸ್ಟರ್ ತಮ್ಮನ ರ‍್ಯಾಂಡಮ್ ಫಾರೆಸ್ಟ್ ಓಡಿಸು. ಪಾಲಿಗಾನ್ ಮಾತ್ರ ಎರಿ, ಕೆಂಪು ಎರಡರಲ್ಲೂ ಇರಬೇಕು. ಹಸಿರು ಹೊಲ, ಬರಿ ಹೊಲ ಬೇರೆ ಬೇರೆ ಕ್ಲಾಸಾಗಿ ಕಲಿಸಿ, ಆಮೇಲೆ ಒಂದು ಮಾಡಿಕೊ.

ರಾಸ್ಟರ್_ಹುಡುಗ
😎

ಎರಿಹೊಲ_22
ಹತ್ತು ದಿನ ಆಯಿತು. ಮಾಡಿದೆ. ಕಟ್ಟಡದಿಂದ ಹೊಲ 2,600 ಇದ್ದದ್ದು 90 ಹೆಕ್ಟೇರಿಗೆ ಇಳಿದಿದೆ. ಅದೂ ಓಣಿ ಅಂಚಿನ ಬಿಡಿ ಚುಕ್ಕಿಗಳು, ಅವನ್ನು ಬದಲಾಗದ್ದರಲ್ಲಿ ಸೇರಿಸಿಬಿಟ್ಟೆ. ಹೊಲದಿಂದ ಕಟ್ಟಡ 7,900 ಹೋಗಿ 4,000 ಆಯಿತು. ಗಿಡಮರ, ನೀರು ಎಲ್ಲ ಹೊಲದ ಜೊತೆ ಸೇರಿಸಿ ಈಗ ಮೂರೇ ಗುಂಪು: ಹೊಸದಾಗಿ ಕಟ್ಟಡ ಆದದ್ದು 4,000, ಮೊದಲಿಂದ ಕಟ್ಟಡ 6,000, ಎರಡೂ ಸಲ ಕಟ್ಟಡ ಅಲ್ಲದ್ದು 30,000 ಹೆಕ್ಟೇರು.

ಚೀಟಿ ಎತ್ತಿದ ಹಾಗೆ ಬೇರೆ ಪಾಯಿಂಟು ಹಾಕಿ ಪರೀಕ್ಷೆ ಮಾಡಿದೆ. 2015ಕ್ಕೆ 88%, 2024ಕ್ಕೆ 91%. ಮ್ಯಾಪು ಕಣ್ಣಿಗೆ ಎಷ್ಟೋ ಚೆನ್ನಾಗಿದೆ, ಅಂಕ ಮಾತ್ರ ಕಡಿಮೆ. ನಮ್ಮ ಗೈಡು 85 ದಾಟಿದರೆ ಸಾಕು, ಬರೆದು ಮುಗಿಸು ಅಂದಿದ್ದಾರೆ. ಮುಗಿಸಲಾ?

ಅಂಕಿ_ಅಕ್ಕ
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ಒಂದು ಮಾತು. ನೀನು ಕೇಳಿದ ಪ್ರಶ್ನೆ "2015ರ ಮ್ಯಾಪು ಎಷ್ಟು ಸರಿ, 2024ರದ್ದು ಎಷ್ಟು ಸರಿ" ಅಂತಲ್ಲ. "ಎಷ್ಟು ಹೊಲ ಹೋಯಿತು" ಅಂತ. ಅದಕ್ಕೆ ಪರೀಕ್ಷೆ ಇನ್ನೂ ಆಗಿಲ್ಲ.

ಒಂದು ಪಿಕ್ಸೆಲ್ಲಿನ ಬದಲಾವಣೆ ಸರಿ ಇರಬೇಕಾದರೆ ಎರಡೂ ಮ್ಯಾಪು ಅಲ್ಲಿ ಸರಿ ಇರಬೇಕು. ಎರಡರ ತಪ್ಪಿಗೂ ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಂಡರೆ 0.88 × 0.91, ಅಂದರೆ 0.80. ನೂರಕ್ಕೆ ಇಪ್ಪತ್ತು ಕಡೆ ಎಲ್ಲೋ ತಪ್ಪಿದೆ. ನೀನು ಹುಡುಕುತ್ತಿರೋ ಬದಲಾವಣೆಯೇ ನೂರಕ್ಕೆ ಹತ್ತು. ತಪ್ಪು ಹುಡುಕುವ ವಸ್ತುವಿಗಿಂತ ದೊಡ್ಡದು. ನಿಜದಲ್ಲಿ ಎರಡೂ ಮ್ಯಾಪು ಒಂದೇ ಜಾಗದಲ್ಲಿ ಒಂದೇ ಥರ ತಪ್ಪುವುದೂ ಇದೆ, ಆಗ ಸ್ಥಿತಿ ಇದಕ್ಕಿಂತ ಮೇಲು. ಅದು ಲೆಕ್ಕದಿಂದ ಗೊತ್ತಾಗೋದಿಲ್ಲ, ನೋಡಿಯೇ ತಿಳಿಯಬೇಕು.

ಹಾಗಾಗಿ ಬದಲಾವಣೆಯ ಮ್ಯಾಪನ್ನೇ ಪರೀಕ್ಷೆಗೆ ಕೂಡಿಸು. ಮೂರು ಗುಂಪಿನಲ್ಲೂ ಬೇರೆ ಬೇರೆ ಪಾಯಿಂಟು ಚೆಲ್ಲು. ಇಡೀ ಚೌಕಕ್ಕೆ ಒಟ್ಟಿಗೆ ಚೆಲ್ಲಿದರೆ 400ರಲ್ಲಿ ಬದಲಾವಣೆಗೆ 40 ಬೀಳುತ್ತೆ, ಸಾಲದು. ಅಲ್ಲಿ 100 ಹಾಕು. ಹಳೇ ಕಟ್ಟಡಕ್ಕೆ 75, ದೊಡ್ಡ ಗುಂಪಿಗೆ 225. ಪ್ರತಿ ಪಾಯಿಂಟನ್ನೂ ಗೂಗಲ್ ಅರ್ಥ್ ಪ್ರೊದ ಹಳೇ ಚಿತ್ರದಲ್ಲಿ ಎರಡು ಸಲ ನೋಡು, 2015ರ ಆಸುಪಾಸು ಒಮ್ಮೆ, 2024ರ ಆಸುಪಾಸು ಒಮ್ಮೆ. ಕೆಳಗೆ ಬರೆದ ತಾರೀಖು ನೋಡದೆ ಮುಂದೆ ಹೋಗಬೇಡ. 400ನ್ನೂ ಕಲೆಸಿಬಿಡು. ಇದು ಯಾವ ಗುಂಪಿನ ಪಾಯಿಂಟು ಅಂತ ನಿನಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಮ್ಯಾಪಿನ ಪರ ವಾಲುತ್ತೆ. ನಾನೇ ವಾಲಿದ್ದೇನೆ.

ಎರಿಹೊಲ_22
400 ಪಾಯಿಂಟು, ಎರಡೆರಡು ಸಲ! ಅಕ್ಕಾ, ಸಬ್‌ಮಿಷನ್‌ಗೆ ಒಂದೇ ತಿಂಗಳು ಉಳಿದಿದೆ.

ಅಂಕಿ_ಅಕ್ಕ
ದಿನಕ್ಕೆ 25. ಹದಿನಾರು ದಿನ. ಜಾಸ್ತಿ ಮಾಡಬೇಡ, ಕಣ್ಣು ದಣಿದರೆ ಜಾಲಿ ಗಿಡವೂ ಮನೆ ಥರ ಕಾಣುತ್ತೆ.

ಎರಿಹೊಲ_22
ಮುಗಿಯಿತು. ಹದಿನೆಂಟು ದಿನ ಹಿಡಿಯಿತು.

ಮ್ಯಾಪು "ಹೊಸ ಕಟ್ಟಡ" ಅಂದ 100ರಲ್ಲಿ 62 ನಿಜ. 8 ಮೊದಲೇ ಕಟ್ಟಡ ಇದ್ದವು. 30 ಈಗಲೂ ಕಟ್ಟಡ ಅಲ್ಲ.
"ಹಳೇ ಕಟ್ಟಡ" ಅಂದ 75ರಲ್ಲಿ 69 ನಿಜ. 3 ನಡುವೆ ಕಟ್ಟಿದ್ದು, 3 ಕಟ್ಟಡವೇ ಅಲ್ಲ.
"ಕಟ್ಟಡ ಅಲ್ಲ" ಅಂದ 225ರಲ್ಲಿ 220 ನಿಜ. 3 ಹೊಸ ಕಟ್ಟಡ, 2 ಹಳೇ ಕಟ್ಟಡ.

ರಾಸ್ಟರ್_ಹುಡುಗ
62 + 69 + 220 = 351. ನಾನೂರಕ್ಕೆ 351 ಅಂದರೆ 88%. ಪಾಸ್! 🎉

ಅಂಕಿ_ಅಕ್ಕ
ತಮ್ಮಾ, ಹಾಗೆ ಕೂಡಿಸೋ ಹಾಗಿಲ್ಲ. ಎಲ್ಲ ಪಾಯಿಂಟಿಗೂ ಒಂದೇ ತೂಕ ಇಲ್ಲ. ಬದಲಾವಣೆಯ 4,000 ಹೆಕ್ಟೇರಿಗೆ 100 ಪಾಯಿಂಟು ಹಾಕಿದ್ದಾಳೆ, ಹಾಗಾಗಿ ಅಲ್ಲಿನ ಒಂದು ಪಾಯಿಂಟು 40 ಹೆಕ್ಟೇರಿನ ಪರವಾಗಿ ಮಾತಾಡುತ್ತೆ. ಹಳೇ ಕಟ್ಟಡದ ಒಂದು ಪಾಯಿಂಟು 80 ಹೆಕ್ಟೇರು. ದೊಡ್ಡ ಗುಂಪಿನದು 133 ಹೆಕ್ಟೇರು.

ತೂಕ ಹಾಕಿ ಲೆಕ್ಕ ಮಾಡಿದರೆ ಒಟ್ಟು ನಿಖರತೆ 93% ಬರುತ್ತೆ. ಇನ್ನೂ ಚೆನ್ನಾಯಿತು ಅಂತ ಕುಣಿಯಬೇಡ. 30,000 ಹೆಕ್ಟೇರು ಸುಮ್ನೆ ಹೊಲವಾಗಿಯೇ ಉಳಿದಿದೆ, ಅದನ್ನು ಸರಿ ಹೇಳೋದು ಸುಲಭ. 93ರಲ್ಲಿ ಬಹುಪಾಲು ಅಂಕ ಅಲ್ಲಿಂದ ಬಂದದ್ದು. ನಾವು ಕೇಳಿದ ಗುಂಪಿನಲ್ಲಿ ಮ್ಯಾಪು ಸರಿ ಇರೋದು ನೂರಕ್ಕೆ 62 ಮಾತ್ರ.

ಈಗ ನಿಜವಾಗಿ ಎಷ್ಟು ಹೋಯಿತು ನೋಡೋಣ. ನಿಜ ಅಂತ ಕಂಡ ಹೊಸ ಕಟ್ಟಡದ ಪಾಯಿಂಟು ಮೂರೂ ಗುಂಪಿನಲ್ಲಿವೆ.

```
62 × 40     = 2480
 3 × 80     =  240
 3 × 133.33 =  400
-------------------
              3120
```

4,000 ಅಲ್ಲ, 3,120 ಹೆಕ್ಟೇರು. ಎಕರೆಯಲ್ಲಿ ಸುಮಾರು 7,700. ಇದಕ್ಕೆ ಆಚೀಚೆ ಎಷ್ಟು ಅಂತಲೂ ಹೇಳಬೇಕು. n ಅಂದರೆ ಗುಂಪಿನ ಪಾಯಿಂಟುಗಳ ಎಣಿಕೆ, p ಅಂದರೆ ಅವುಗಳಲ್ಲಿ ನಿಜವಾಗಿ ಹೊಸ ಕಟ್ಟಡ ಆದವುಗಳ ಭಾಗ. ಇಡೀ ಚೌಕದಲ್ಲಿ ಪ್ರತಿ ಗುಂಪಿನ ಪಾಲಿನ ವರ್ಗವನ್ನು p(1−p)/(n−1)ರಿಂದ ಗುಣಿಸಿ, ಮೂರನ್ನೂ ಕೂಡಿಸಿ, ವರ್ಗಮೂಲ ತೆಗೆದು, 1.96ರಿಂದ ಮತ್ತು ಒಟ್ಟು ಹೆಕ್ಟೇರಿನಿಂದ ಗುಣಿಸಿದೆ. ಸುಮಾರು 650 ಬಂತು. ಅಂದರೆ 3,120 ± 650 ಹೆಕ್ಟೇರು. ನಿನ್ನ ಮ್ಯಾಪಿನ 4,000 ಈ ಅಂಚಿನ ಹೊರಗೆ ಬೀಳುತ್ತೆ.

ಎರಿಹೊಲ_22
650 ತುಂಬ ಜಾಸ್ತಿ ಅಲ್ವಾ ಅಕ್ಕಾ? ಐದರಲ್ಲೊಂದು ಭಾಗ ಆಯಿತು. ಬದಲಾವಣೆಯ ಗುಂಪಿನಲ್ಲಿ ಇನ್ನೂ 100 ಹಾಕಿದರೆ ಕಡಿಮೆ ಆಗುತ್ತಾ?

ಅಂಕಿ_ಅಕ್ಕ
ಸ್ವಲ್ಪ ಆಗುತ್ತೆ. ಆದರೆ ಬಿಡಿಸಿ ನೋಡಿದರೆ ಅನುಮಾನದ ದೊಡ್ಡ ಪಾಲು, ಹೆಚ್ಚುಕಮ್ಮಿ ಅರ್ಧ, ಬರುತ್ತಿರೋದು ಆ ದೊಡ್ಡ ಗುಂಪಿನ ಮೂರು ಪಾಯಿಂಟಿನಿಂದ. ಮೂರೇ ಮೂರು, ಆದರೆ ಅವು 400 ಹೆಕ್ಟೇರು ಹೊತ್ತು ನಿಂತಿವೆ. ಅದು ಎರಡಾಗಿದ್ದರೆ 267, ನಾಲ್ಕಾಗಿದ್ದರೆ 533. ಅಷ್ಟು ಅಲುಗಾಡುತ್ತೆ.

ಚುಕ್ಕಿ_ಮಾಸ್ತರ
ಆ ಮೂರು ಎಲ್ಲಿವೆ ತಂಗಿ? ಊರ ಅಂಚಿನಲ್ಲೇ ಇರಬೇಕು ಅಂತ ನನ್ನ ಊಹೆ.

ಎರಿಹೊಲ_22
ಹೌದು! ಎರಡು ಹುಬ್ಬಳ್ಳಿಯ ಅಂಚಿನಲ್ಲಿ, ಈಗಾಗಲೇ ಕಟ್ಟಡ ಅಂತ ಬಂದ ಪಿಕ್ಸೆಲ್ಲಿಗೆ ಅಂಟಿಕೊಂಡೇ ಇವೆ. ಮೂರನೆಯದು ಹೊಲದ ನಡುವೆ ಒಂಟಿ ಗೋದಾಮು.

ಚುಕ್ಕಿ_ಮಾಸ್ತರ
ಹಾಗಾದರೆ ಬದಲಾವಣೆಯ ಸುತ್ತ ಎರಡು ಪಿಕ್ಸೆಲ್ ಅಗಲದ ಪಟ್ಟಿ ಎಳೆದು ಅದನ್ನೇ ನಾಲ್ಕನೇ ಗುಂಪು ಮಾಡಬಹುದು. ಮ್ಯಾಪು ಬಿಟ್ಟುಹೋದ ಕಟ್ಟಡ ಜಾಸ್ತಿ ಸಿಗೋದು ಅಲ್ಲೇ. ಪಟ್ಟಿ ಸಣ್ಣದು, ಒಂದೊಂದು ಪಾಯಿಂಟಿನ ತೂಕವೂ ಇಳಿಯುತ್ತೆ. ಆದರೆ ಒಂಟಿ ಗೋದಾಮಿನಂಥದ್ದಕ್ಕೆ ಇದು ಮದ್ದಲ್ಲ. ಹೊರಗಿನ ದೊಡ್ಡ ಗುಂಪಿನಲ್ಲಿ ಅಂಥದ್ದು ಒಂದು ಸಿಕ್ಕರೂ ಮತ್ತೆ ನೂರರ ಆಸುಪಾಸು ಹೆಕ್ಟೇರು ಎದ್ದು ನಿಲ್ಲುತ್ತೆ.

ರಾಸ್ಟರ್_ಹುಡುಗ
ಇಷ್ಟೆಲ್ಲ ಯಾಕೆ ಸರ್? ತಪ್ಪಾದ 49 ಪಾಯಿಂಟು ಗೊತ್ತಾಯಿತಲ್ಲ. ಅವನ್ನೇ ಟ್ರೈನಿಂಗಿಗೆ ಸೇರಿಸಿ ಮತ್ತೆ ಓಡಿಸಿದರೆ ಮ್ಯಾಪು ಸರಿಹೋಗುತ್ತೆ.

ಅಂಕಿ_ಅಕ್ಕ
ಮ್ಯಾಪು ಸುಧಾರಿಸಬಹುದು. ಆಮೇಲೆ ಪರೀಕ್ಷೆಗೆ ಹೊಸ 400 ಪಾಯಿಂಟು ನೀನು ನೋಡುತ್ತೀಯಾ? ಕಲಿಸಿದ ಪಾಯಿಂಟಿನಿಂದಲೇ ಮತ್ತೆ ಪರೀಕ್ಷೆ ಮಾಡಿದರೆ ಮೊದಲ ದಿನದ 97%ಕ್ಕೆ ವಾಪಸ್ ಹೋದ ಹಾಗೆ.

ಎರಿಹೊಲ_22
ಆ 30 ತಪ್ಪು ಒಂದೊಂದಾಗಿ ಬಿಡಿಸಿ ನೋಡಿದೆ. 9 ರಸ್ತೆ, ಓಣಿಗಳ ಅಂಚಿನವು, ಅರ್ಧ ಮನೆ ಅರ್ಧ ಹೊಲ. 5 ಇಟ್ಟಿಗೆ ಭಟ್ಟಿ, ಕಲ್ಲು ಕ್ವಾರಿ. ಅಲ್ಲಿ ಹಸಿರು ಬರೋದೇ ಇಲ್ಲ, ಹಾಗಾಗಿ ಮಾಸ್ತರ ಹಸಿರು ಬ್ಯಾಂಡೂ ಮೋಸ ಹೋಗಿದೆ. 3 ಬೀಳು ಬಿಟ್ಟ ಕೆಂಪು ಹೊಲ. ಉಳಿದ 13 ನಮ್ಮ ಅಜ್ಜಾರ ಕೇಳಿದ ಲೇಔಟುಗಳು!

ಸತ್ತೂರು ಕಡೆಯ ಒಂದನ್ನು ಹೇಳುತ್ತೇನೆ. 2015ರಲ್ಲಿ ಉತ್ತ ಸಾಲುಗಳು ಸ್ಪಷ್ಟ ಕಾಣುತ್ತವೆ, ಬದುವಿನಲ್ಲಿ ಎರಡು ಬೇವಿನ ಗಿಡದಂಥವು. 2024ರಲ್ಲಿ ಬದು ಇಲ್ಲ. ಗೀಟು ಹೊಡೆದ ಹಾಗೆ ಗರಸಿನ ರಸ್ತೆ, ಎರಡೂ ಕಡೆ ಚೌಕ ಚೌಕ, ಒಂದು ಕಂಪೌಂಡು, ಒಂದು ನೀರಿನ ಟಾಕಿ. ಮನೆ ಶೂನ್ಯ. ನಾನು ಮಾಡಿದ ನಿಯಮದ ಪ್ರಕಾರ ಇದು ಕಟ್ಟಡ ಅಲ್ಲ. ಆದರೆ ಅಲ್ಲಿ ಇನ್ನು ಯಾರೂ ಜೋಳ ಬಿತ್ತೋದಿಲ್ಲ.

ಈ 13ನ್ನೂ ಬದಲಾವಣೆ ಅಂದರೆ 62 ಹೋಗಿ 75 ಆಗುತ್ತೆ. 3,000 + 240 + 400, ಒಟ್ಟು 3,640. ಯಾವುದು ಬರೆಯಲಿ?

ಗುಂಟೆ_ಸರಪಳಿ
ನನ್ನ ಕೇಳಿದರೆ 3,640. ಹೊಲ ಹೋಯಿತಾ ಅಂತ ತಾನೆ ಪ್ರಶ್ನೆ? ಹೋಯಿತು. ಮನೆ ಯಾವಾಗ ಏಳುತ್ತೋ ಅದು ಬೇರೆ ಮಾತು.

ಚುಕ್ಕಿ_ಮಾಸ್ತರ
ನಾನು 3,120 ಅನ್ನುತ್ತೇನೆ. ಉಪಗ್ರಹ ನೋಡೋದು ನೆಲದ ಮೇಲೆ ಏನಿದೆ ಅಂತ, ಯಾರ ಹೆಸರಿಗೆ ಏನಾಗಿದೆ ಅಂತಲ್ಲ. ಹುಲ್ಲು ಬೆಳೆದ ಲೇಔಟನ್ನು ಅದು ಹಸಿರು ಅನ್ನುತ್ತೆ, ಹುಲ್ಲಿಲ್ಲದ್ದನ್ನು ಕಟ್ಟಡ ಅನ್ನುತ್ತೆ. ಎರಡೂ ಕಾಗದದಲ್ಲಿ ಒಂದೇ.

ಅಂಕಿ_ಅಕ್ಕ
ನಿಮ್ಮಿಬ್ಬರ ಜಗಳಕ್ಕೆ ಬರೋದಿಲ್ಲ, ಆದರೆ 3,640 ಅಂತೂ ತಪ್ಪು. ಮಾಸ್ತರು ಈಗ ಹೇಳಿದ್ದರಲ್ಲೇ ಉತ್ತರ ಇದೆ. ಮ್ಯಾಪು "ಬದಲಾವಣೆ" ಅಂದ ಗುಂಪಿನಲ್ಲಿ ಮಾತ್ರ ಲೇಔಟು ಹುಡುಕಿದ್ದೀಯ. ಹುಲ್ಲು ಬೆಳೆದು ಹಸಿರಾದ ಲೇಔಟು "ಕಟ್ಟಡ ಅಲ್ಲ" ಅನ್ನೋ 220ರ ಒಳಗೆ ಕೂತಿರಬಹುದು. ಅಲ್ಲಿ ಒಂದೊಂದಕ್ಕೂ 133 ಹೆಕ್ಟೇರು. ಐದು ಸಿಕ್ಕರೂ 667 ಹೆಕ್ಟೇರು ಏರುತ್ತೆ. ನಿಯಮ ಬದಲಿಸಿದರೆ ಎಲ್ಲ 400ಕ್ಕೂ ಹೊಸ ನಿಯಮದಲ್ಲೇ ಮತ್ತೆ ಗುರುತು ಹಾಕಬೇಕು.

ಎರಿಹೊಲ_22
ಅಕ್ಕಾ!!! 😭

ಅಂಕಿ_ಅಕ್ಕ
220 ಮಾತ್ರ ಮತ್ತೆ ನೋಡಿದರೆ ಬಹುತೇಕ ಆಯಿತು. "ಹಳೇ ಕಟ್ಟಡ"ದ ಗುಂಪಿನಲ್ಲಿ ಕಟ್ಟಡ ಅಲ್ಲ ಅಂದ ಮೂರನ್ನೂ ನೋಡು. ಲೇಔಟು ಅನ್ನೋದನ್ನು ಬೇರೆ ಕಾಲಮ್ಮಿನಲ್ಲಿ ಹಾಕು. ಎರಡೂ ಲೆಕ್ಕ ಕೊಡಬಹುದು, ಯಾವ ನಿಯಮಕ್ಕೆ ಯಾವ ಸಂಖ್ಯೆ ಅಂತ ಬರೆದು. ಆಗುವುದಾದರೆ ಯಾರಾದರೂ ಇನ್ನೊಬ್ಬರಿಂದ ಒಂದು 50 ಪಾಯಿಂಟು ನೋಡಿಸು. ನೀನು ಹೊಲ ಅಂದದ್ದನ್ನು ಅವರು ಎಷ್ಟು ಸಲ ಲೇಔಟು ಅನ್ನುತ್ತಾರೆ ಅಂತ ಗೊತ್ತಾಗಲಿ.

ರಾಸ್ಟರ್_ಹುಡುಗ
50 ಪಾಯಿಂಟು ನಾನು ನೋಡಿಕೊಡುತ್ತೇನೆ. ಉತ್ತರ ತೋರಿಸಬೇಡಿ.

ಎರಿಹೊಲ_22
ಥ್ಯಾಂಕ್ಸ್ ಬ್ರೋ. ನಾಳೆ ಫೈಲು ಕಳಿಸುತ್ತೇನೆ, ಕಲೆಸಿಯೇ ಕಳಿಸುತ್ತೇನೆ. ಆಕಸ್ಮಿಕವಾಗಿ ಸರಿ ಬಂದದ್ದನ್ನು ಕಳೆದು ನಿಖರತೆ ಹೇಳೋ ಕಪ್ಪಾ ಎಷ್ಟು ಅಂತ ಗೈಡು ಕೇಳುತ್ತಿದ್ದಾರೆ ಅಕ್ಕಾ, ಅದಿಲ್ಲದೆ ಸಹಿ ಹಾಕಲ್ಲವಂತೆ.

ಅಂಕಿ_ಅಕ್ಕ
ಬರೆದುಕೊಡು, ಒಂದು ಸಾಲು ತಾನೆ. ಆದರೆ 62 ಅನ್ನೋದನ್ನು ಅದರ ಹಿಂದೆ ಬಚ್ಚಿಡಬೇಡ. 3,120 ± 650 ಮೊದಲು ಬರಲಿ.

ಸೈಟು_ನಂ_47
ಉತಾರ, ನಕಾಶೆ ಎರಡೂ ತೆಗೆಸಿದೆ. ಪಕ್ಕದಲ್ಲೇ ಹಳ್ಳ ಹಾದಿದೆ. ಮುಂಗಡ ಕೊಡಲಿಲ್ಲ. ಸತ್ತೂರಿನ ಆ ಲೇಔಟು ಯಾವುದು ಅಂತ ತಂಗಿ ಸ್ವಲ್ಪ ಹೇಳಬಹುದಾ? ರೇಟು ಎಷ್ಟಿದೆ ಅಲ್ಲಿ?

ಗುಂಟೆ_ಸರಪಳಿ
😄 ಮೊದಲು ಎನ್‌ಎ ಆದೇಶ ನೋಡ್ರೀ.